ಶಾಂತಕ್ಕನ ಹಾಡಿಗೆ ಹೆದರಬೇಡಮ್ಮ

ಸ್ಟುಟ್‌ಗಾರ್ಟ್

ಅಮ್ಮ, ನಮಸ್ಕಾರ. ನಾನು ಕ್ಷೇಮ. ಅಜ್ಜಿ, ಅಪ್ಪ ಚೆನ್ನಾಗಿದ್ದಾರೆ ತಾನೇ?

ನಿನ್ನ ಕಾಗದ ಬಂತು. ಪುಟ್ಟಿದು ಇನ್ನೂ ಪ್ರೊಬೇಷನ್ನು, ಮಂಡ್ಯದ ಆಫೀಸಲ್ಲಿ ಹಿರಿಯರ ಹುಟ್ಟುಹಬ್ಬಕ್ಕೆ ಅಣಕು ಹಾಡು ಕಟ್ಟಿ ಕೆಲಸಕ್ಕೇ ಕುತ್ತು ತಂದ್ಕೋತಾಳೆ ಅಂತ ನಿದ್ದೆ ಕೆಡಿಸ್ಕೊಂಡಿದ್ದೀಯಲ್ಲ. ಏನೂ ಆಗಲ್ಲ ಕಣಮ್ಮ. ಹಾಡನ್ನ ನನಗೂ ಕಳಿಸಿದ್ದಳು. ಶಾಂತಕ್ಕನ ಮಂಡಿನೋವಿನ ಸಾಲೊಂದಿತ್ತು, ತೆಗೆಸಿದೆ. ನೋವು ಅವರದು, ನಗು ಊರವರದು ಆಗಬಾರದು. ಈಗ ಉಳಿದಿರೋದು ಅವರು ದಿನಾ ಎಲ್ಲರ ಟೇಬಲ್ ಹತ್ರ ನಿಂತು ಕೇಳೋ ಎರಡು ಪ್ರಶ್ನೆ. ಅದನ್ನ ಹೇಳ್ಕೊಂಡು ಅವರೇ ನಗ್ತಾರಂತೆ.

ಬಿಸಿ ಕಾಫೀ ತಂದ್ರಾ?
ಸಹಿ ಎಲ್ಲಾ ಆಯ್ತಾ?
ಸುಖವಾಗೀ ಶಾಂತಕ್ಕಾ
ನಗುತಾನೇ ಬಾಳೀ!

ಧಾಟಿ ‘ಹ್ಯಾಪಿ ಬರ್ತ್‌ಡೇ’ದೇ. ದೇವರನಾಮದ ಧಾಟಿ ಬೇಡ ಅಂದೆ, ಅಜ್ಜಿ ಸುಮ್ನಿರಲ್ಲ. ಆ ಧಾಟಿಯ ಮಾತು ಬದಲಾಯಿಸೋದು ತಪ್ಪಲ್ವಾ ಅಂತ ಕೇಳಿದ್ದೀಯ. 1893ರಲ್ಲಿ ಅಮೆರಿಕದಲ್ಲಿ ಅದು ಅಚ್ಚಾದಾಗ ಮಕ್ಕಳು ಬೆಳಿಗ್ಗೆ ನಮಸ್ಕಾರ ಹೇಳೋ ಹಾಡಾಗಿತ್ತು. ಹುಟ್ಟುಹಬ್ಬದ ಮಾತು ಸೇರಿದ್ದೇ ಆಮೇಲೆ.

ಪುಟ್ಟಿ ಮೊದಲು ‘ಹುಟ್ಟುಹಬ್ಬದ ಶುಭಾಶಯ’ ಅಂತ ಶುರು ಮಾಡಿದ್ದಳು. ಹಾಡಿದರೆ ಎಡವುತ್ತೆ. ಸಾಲಿಗೆ ಆರು ಅಕ್ಷರದ ಜಾಗ, ಅಲ್ಲಿ ಒಂಬತ್ತು. ಮೊದಲೆರಡು ಅಕ್ಷರ ಓಡಬೇಕು, ಆಮೇಲಿನ ಮೂರು ಒಂದೊಂದು ತಾಳಕ್ಕೆ ನಿಲ್ಲಬೇಕು, ಕೊನೇದನ್ನ ಎಳೀಬೇಕು. ‘ಬಿಸಿ’ ಎರಡೂ ಲಘು, ‘ಕಾ ಫೀ ತಂ’ ಮೂರೂ ಗುರು, ‘ದ್ರಾ’ ಎಷ್ಟಾದರೂ ಎಳೀಬಹುದು. ಅಪ್ಪಂಗೆ ಹೇಳು, ಅವರು ಬೆತ್ತ ಹಿಡಿದು ಕಲಿಸಿದ ಲಘು ಗುರು ಜರ್ಮನೀಲಿ ಉಪಯೋಗಕ್ಕೆ ಬಂತು. ಮೂರನೇ ಸಾಲಲ್ಲಿ ಹೆಸರು ಬರೋದಕ್ಕೆ ಒಂದಕ್ಷರ ಜಾಸ್ತಿ. ಅಲ್ಲೇ ಸ್ವರ ಕೆಳಗಿನ ಪಂಚಮದಿಂದ ಮೇಲಿನ ಪಂಚಮಕ್ಕೆ ಒಂದೇ ನೆಗೆತ ನೆಗೆಯುತ್ತೆ, ಗಂಟಲು ಕೈಕೊಡೋದೂ ಅಲ್ಲೇ. ‘ನಗುನಗ್ತಾ ಶಾಂತಕ್ಕಾ’ ಅಂತ ಬರೆದಿದ್ದಳು, ಲೆಕ್ಕ ಸರಿ, ಆದರೆ ಮೇಲಿನ ಸ್ವರ ‘ನಗ್’ ಮೇಲೆ ಬಿದ್ದು ಉಸಿರು ಕಟ್ಟುತ್ತೆ. ‘ಸುಖವಾಗೀ’ಯ ‘ವಾ’ ಆದರೆ ಬಾಯಿ ತೆರೆದೇ ಇರುತ್ತೆ. ಶ್ರುತಿ ತಗ್ಗಿಸಿ ಶುರು ಮಾಡೋಕೆ ಹೇಳು, ಇಲ್ಲಾಂದ್ರೆ ಗಂಡಸರೆಲ್ಲ ಮೂರನೇ ಸಾಲಿಗೆ ಬಾಯಿ ಮುಚ್ಕೋತಾರೆ.

ಇಲ್ಲಿಯವರದು ಇನ್ನೂ ವಿಚಿತ್ರ. ಹುಟ್ಟುಹಬ್ಬ ಇರೋರೇ ಆಫೀಸಿಗೆ ಕೇಕ್ ತರಬೇಕು, ಒಂದು ದಿನ ಮುಂಚೆ ಶುಭಾಶಯ ಹೇಳಿದರೆ ಅಪಶಕುನ ಅಂತಾರೆ. ನಮ್ಮನ್ನ ಮೂಢನಂಬಿಕೆಯವರು ಅನ್ನೋರು ಇಲ್ಲಿ ಬಂದು ನೋಡಲಿ! ನನ್ನ ಸರದಿಗೆ ಮೈಸೂರ್ ಪಾಕ್ ಒಯ್ದೆ, ಡಬ್ಬ ಕ್ಷಣದಲ್ಲಿ ಖಾಲಿ.

ಕೆಲಸಕ್ಕೆ ಏನೂ ಆಗಲ್ಲ, ಖಂಡಿತ ಆಗಲ್ಲ, ನನ್ನಾಣೆ. ಆದರೂ ಶಾಂತಕ್ಕನ ಯಜಮಾನರಿಗೆ ಮುಂಚೆ ಒಂದ್ಸಲ ತೋರಿಸು ಅಂತ ಪುಟ್ಟಿಗೆ ಹೇಳು. ಅವರು ನಕ್ಕರೆ ಹಾಡಲಿ. ಬಸ್ ಬಂತು, ಉಳಿದದ್ದು ಭಾನುವಾರ ಫೋನಲ್ಲಿ.

ನಿನ್ನ ಮಗ