ಇನ್ಶೂರೆನ್ಸ್ ಇದೆ ಅಂದರೆ ಯಾವುದು ಇದೆ ಅಂತ ಕೇಳು

ಚಿಕ್ಕಮಗಳೂರು

ಚಿರಂಜೀವಿ ಮಂಜುವಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಕಾರಿನ ಫೋಟೋ ನೋಡಿದೆ. ಹಾಸನದ ಕೆಎ-13 ಗಾಡಿ, 2024ರ ಆಗಸ್ಟ್‌ನಲ್ಲಿ ಹೊಸದಾಗಿ ತಗೊಂಡಿದ್ದು. ಮಾರುವವನು "2027ರ ತನಕ ಇನ್ಶೂರೆನ್ಸ್ ಇದೆ, ಒಂದು ಪೈಸೆ ಕಟ್ಟೋ ಹಾಗಿಲ್ಲ" ಅಂದನಂತೆ. ಅವನು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾನೆ.

2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಪಾಲಿಸಿ ಕಡ್ಡಾಯ. ಅದರ ಜೊತೆ, ನಮ್ಮದೇ ಗಾಡಿಗಾದ ನಷ್ಟಕ್ಕೆ ಕೊಡುವ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಇರುತ್ತದೆ. ಅಂದರೆ ಈ ಕಾರಿನ ಥರ್ಡ್ ಪಾರ್ಟಿ 2027ರ ಆಗಸ್ಟ್ ತನಕ ಇದ್ದರೂ ಓನ್ ಡ್ಯಾಮೇಜ್ 2025ರ ಆಗಸ್ಟ್‌ಗೇ ಮುಗಿದಿರಬಹುದು. ಥರ್ಡ್ ಪಾರ್ಟಿ ಕೊಡುವುದು ಎದುರಿನವನಿಗಾದ ನಷ್ಟಕ್ಕೆ. ನೀನು ಬೇಲೂರು ರಸ್ತೆಯಲ್ಲಿ ಮರಕ್ಕೆ ಗುದ್ದಿದರೆ ನಿನ್ನ ಬಾನೆಟ್ಟಿಗೆ ಬಿಡಿಗಾಸೂ ಬರುವುದಿಲ್ಲ.

ಸರ್ಕಾರದ mParivahan ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡು. ಕಂಪನಿ ಯಾವುದು, ಯಾವ ತಾರೀಖಿನ ತನಕ ಅಂತ ಬರುತ್ತದೆ. ಆದರೆ ಆ ಒಂದು ತಾರೀಖು ನೋಡಿ ಸಮಾಧಾನ ಪಟ್ಟುಕೊಳ್ಳಬೇಡ. ಪಾಲಿಸಿಯ ಪೂರ್ತಿ ಪಿಡಿಎಫ್ ಕೇಳು. ಅದರಲ್ಲಿ ಓನ್ ಡ್ಯಾಮೇಜಿಗೂ ಥರ್ಡ್ ಪಾರ್ಟಿಗೂ ಬೇರೆ ಬೇರೆ ಅವಧಿ ಅಚ್ಚಾಗಿರುತ್ತದೆ. ಮೊದಲ ವರ್ಷದ ನಂತರ ಓನ್ ಡ್ಯಾಮೇಜ್ ಮುಂದುವರಿಸಿದ್ದರೆ ಅದಕ್ಕೆ ಬೇರೆ ಪಾಲಿಸಿ ಕಾಗದ ಇರಲೇಬೇಕು. "ಮನೇಲಿ ಎಲ್ಲೋ ಇದೆ" ಅಂದರೆ ಇಲ್ಲ ಅಂತಲೇ ತಿಳಿದುಕೋ.

ಓನ್ ಡ್ಯಾಮೇಜ್ ಮಧ್ಯದಲ್ಲಿ ತಪ್ಪಿದ ಗಾಡಿ ಅಂದರೆ ನನ್ನಂಥ ಹಳೇ ಇನ್ಶೂರೆನ್ಸ್ ಸರ್ವೇಯರ್‌ಗೆ ಕಿವಿ ನೆಟ್ಟಗಾಗುತ್ತದೆ. ಆ ಅವಧಿಯಲ್ಲಿ ಗಾಡಿ ಎಲ್ಲಾದರೂ ಗುದ್ದಿದ್ದರೆ ಕ್ಲೇಮ್ ಮಾಡೋಕೇ ಆಗಲ್ಲ, ಅಲ್ವಾ? ಕೈಯಿಂದ ದುಡ್ಡು ಹಾಕಿ ಯಾವುದೋ ಗ್ಯಾರೇಜಿನಲ್ಲಿ ತಟ್ಟಿಸಿರುತ್ತಾರೆ. ಕಂಪನಿಯ ದಾಖಲೆ ಸ್ವಚ್ಛ, ಗಾಡಿ ಮಾತ್ರ ಅಲ್ಲ. ಬಾನೆಟ್ ಎತ್ತಿ, ಮುಂದಿನ ಫೆಂಡರ್ ಹಿಡಿದಿರುವ ಬೋಲ್ಟ್‌ಗಳನ್ನು ನೋಡು. ಫ್ಯಾಕ್ಟರಿಯಲ್ಲಿ ಬಿಗಿದದ್ದಾದರೆ ಬೋಲ್ಟಿನ ತಲೆಯ ಮೇಲೂ ಸಾಮಾನ್ಯವಾಗಿ ಬಾಡಿಯ ಬಣ್ಣವೇ ಇರುತ್ತದೆ. ಮೂಲೆಗಳಲ್ಲಿ ಬಣ್ಣ ಎದ್ದು ಸ್ಪ್ಯಾನರಿನ ಗುರುತು ಕಂಡರೆ ಆ ಭಾಗ ಒಮ್ಮೆ ಬಿಚ್ಚಿದೆ. ಯಾಕೆ ಬಿಚ್ಚಿದರು ಅಂತ ಅವನೇ ಹೇಳಲಿ.

ಇನ್ನು ಕ್ಲೇಮ್ ವಿಚಾರ. ಕಂಪನಿಯವರು ನಿನಗೆ ಏನೂ ಹೇಳುವುದಿಲ್ಲ, ಪಾಲಿಸಿ ನಿನ್ನದಲ್ಲ. ಮಾರುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಲಿಸಿಗೆ ಕೊಟ್ಟಿರುವ ಮೊಬೈಲಿನಿಂದ ಅವನೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಲಿ. ಸ್ಪೀಕರ್ ಆನ್ ಇರಲಿ. ನಂಬರನ್ನು ಅವನು ಕೊಟ್ಟದ್ದಲ್ಲ, ಕಂಪನಿಯ ವೆಬ್‌ಸೈಟಿನಿಂದ ನೀನೇ ತೆಗೆದುಕೋ. ಪಾಲಿಸಿ ಚಾಲ್ತಿಯಲ್ಲಿದೆಯಾ, ಇಲ್ಲಿತನಕ ಎಷ್ಟು ಕ್ಲೇಮ್ ಆಗಿದೆ, ಯಾವುದಾದರೂ ಇನ್ನೂ ಬಾಕಿ ಇದೆಯಾ, ಥರ್ಡ್ ಪಾರ್ಟಿ ನೋಟಿಸ್ ಬಂದಿದೆಯಾ ಅಂತ ಕೇಳಿಸು. ಇಮೇಲಿನಲ್ಲಿ ಉತ್ತರ ತರಿಸಿದರೆ ಇನ್ನೂ ಒಳ್ಳೆಯದು. ನೋ ಕ್ಲೇಮ್ ಬೋನಸ್ ನೋಡಿ ಊಹೆ ಮಾಡುವ ಅಭ್ಯಾಸ ಕೆಲವರಿಗಿದೆ. ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ಈ ರಿಯಾಯಿತಿ ಮೊದಲ ವರ್ಷಕ್ಕೆ 20, ಆಮೇಲೆ 25, 35 ಹೀಗೆ 50 ಪರ್ಸೆಂಟ್ ತನಕ ಏರುತ್ತದೆ. ಆದರೆ ಈ ಗಾಡಿಯ ಮೊದಲ ಪಾಲಿಸಿಯ ನಂತರ ಓನ್ ಡ್ಯಾಮೇಜೇ ಇಲ್ಲದಿದ್ದರೆ ಆ ಲೆಕ್ಕ ನಿನಗೆ ಏನೂ ಹೇಳುವುದಿಲ್ಲ. ಅದೂ ಅಲ್ಲದೆ ಆ ಬೋನಸ್ ಮಾಲೀಕನದು, ಗಾಡಿಯದಲ್ಲ. ನಿನಗೆ ಬರುವುದಿಲ್ಲ.

ಥರ್ಡ್ ಪಾರ್ಟಿ ನೋಟಿಸ್ ಬಂದಿದೆ ಅಂತಾದರೆ ಅಲ್ಲೇ ನಿಲ್ಲು. ಹಳೇ ಅಪಘಾತದ ಪರಿಹಾರ ಅವತ್ತಿನ ಮಾಲೀಕ ಮತ್ತು ಅವನ ಕಂಪನಿಯ ತಲೆನೋವು, ನಿನ್ನದಲ್ಲ. ಆದರೆ ಪೊಲೀಸರು ಹಿಡಿದಿದ್ದ ಗಾಡಿಯನ್ನು ಕೋರ್ಟಿನಿಂದ ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡಿದ್ದರೆ, ಕೇಸು ಮುಗಿಯುವ ತನಕ ಮಾರಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹಾಸನ ಜಿಲ್ಲೆ ಆರಿಸಿ ಮಾಲೀಕನ ಹೆಸರು ಹಾಕಿ ಹುಡುಕು. ಎಂವಿಸಿ ಅಂತ ಶುರುವಾಗುವ ಕೇಸು, ಅಂದರೆ ಅಪಘಾತ ಪರಿಹಾರದ ಕೇಸು, ಸಿಕ್ಕಿದರೆ ಕೇಳದೆ ಬಿಡಬೇಡ.

ಎಲ್ಲ ಸರಿ ಇದ್ದು ತಗೊಂಡೆ ಅಂದುಕೋ. ಆರ್‌ಟಿಒಗೆ ಫಾರಂ 29, 30 ಕೊಡುವುದು ಎಲ್ಲರಿಗೂ ನೆನಪಿರುತ್ತದೆ. ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಅರ್ಜಿ ಕೊಡಬೇಕು ಅನ್ನುವುದನ್ನು ಜಾಸ್ತಿ ಜನ ಮರೆಯುತ್ತಾರೆ. ಓನ್ ಡ್ಯಾಮೇಜ್ ಚಾಲ್ತಿಯಲ್ಲಿದ್ದರೂ ಅವನ ಹೆಸರಲ್ಲೇ ಬಿಟ್ಟಿದ್ದರೆ ನಿನ್ನ ಕ್ಲೇಮ್ ಒಪ್ಪುವುದಿಲ್ಲ. ಚಾಲ್ತಿಯಲ್ಲಿ ಇಲ್ಲದಿದ್ದರೆ ಹೊಸದಾಗಿ ಮಾಡಿಸಬೇಕು, ಅದಕ್ಕೆ ಕಂಪನಿಯವರು ಮೊದಲು ಗಾಡಿಯ ತಪಾಸಣೆ ಮಾಡುತ್ತಾರೆ. ಆ ಖರ್ಚನ್ನು ಈಗಲೇ ರೇಟಿನಲ್ಲಿ ಇಳಿಸಿ ಮಾತಾಡು. ಆಮೇಲೆ ಕೇಳಿದರೆ ಫೋನೇ ಎತ್ತಲ್ಲ.

ಅಡ್ವಾನ್ಸ್ ಕೊಡುವ ಮುಂಚೆ ಎರಡೂ ಪಾಲಿಸಿಯ ಪಿಡಿಎಫ್ ನನ್ನ ವಾಟ್ಸಾಪಿಗೆ ಹಾಕು. ಅಕ್ಕನ ಮೊಣಕಾಲು ನೋವು ಹೇಗಿದೆ ಅಂತಲೂ ತಿಳಿಸು.

ನಿನ್ನ ಮಾವ