ಸೋಫಾದ ಟಪಾಲು

ಈ ಸಂಚಿಕೆಗೆ ನಾನು ರಾಜ್ಯೋತ್ಸವದ ವರದಿ ಬರೆಯಬೇಕಿತ್ತು. ಹೋಳಿಗೆ ಚೆನ್ನಾಗಿತ್ತು, ಮೈಕು ಕೈಕೊಟ್ಟಿತು. ವರದಿ ಮುಗಿಯಿತು. ಫೋಟೋಗಳು ಒಳಪುಟದಲ್ಲಿವೆ.

ಅಂದು ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚಿಡುವಾಗ ನಮ್ಮ ಬಳಗದ ಹುಡುಗನೊಬ್ಬ ಒಂದು ಸೋಫಾದ ಕಥೆ ಹೇಳಿದ. ಹಾಸನದ ಕಡೆಯವನು. ರೆಡಿಂಗ್‌ನಲ್ಲಿ ಟೆಸ್ಟಿಂಗ್ ಎಂಜಿನಿಯರ್. ಬ್ರಿಟನ್ನಿಗೆ ಬಂದು ಎರಡು ವರ್ಷವಾಗಿದೆ. ಹೆಸರು ಹಾಕಬೇಡಿ ಸರ್, ಕಥೆ ಬೇಕಾದರೆ ಹಾಕಿ ಎಂದ. ಹಾಗಾಗಿ ಈ ಸಲ ಸಂಪಾದಕೀಯದ ಜಾಗದಲ್ಲಿ ಅವನ ಕಥೆ. ಅಂಗಡಿಯ ಹೆಸರೂ ಇರುವುದಿಲ್ಲ.

ಅಪ್ಪ ಅಮ್ಮ ಬೇಸಿಗೆಗೆ ಬರುತ್ತಾರೆ ಎಂದು ಅವನು ಮೂರು ಜನ ಕೂರುವ ಸೋಫಾ ಕೊಂಡ. ಎಲ್ಲ ಸೇರಿ 940 ಪೌಂಡ್. ಶೋರೂಮಿನಲ್ಲಿ ಮುಂಗಡ 200 ಪೌಂಡನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ. ಉಳಿದ 740 ಡೆಬಿಟ್ ಕಾರ್ಡಿನಲ್ಲಿ ಹೋಯಿತು. ಯಾಕೆ ಹಾಗೆ ಎಂದು ಕೇಳಿದೆ. ಕೈಗೆ ಸಿಕ್ಕಿದ ಕಾರ್ಡು ಕೊಟ್ಟೆ ಸರ್, ಅಷ್ಟೇ ಎಂದ. ಆ 200 ಪೌಂಡನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸೋಫಾ ಮಾರ್ಚ್ 8ಕ್ಕೆ ಮನೆಗೆ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ನಡುವಿನ ಸೀಟು ಕುಸಿಯತೊಡಗಿತು. ಕೂತರೆ ಕಿರ್ ಎನ್ನುತ್ತಿತ್ತು. ಮಾರ್ಚ್ 27ಕ್ಕೆ ಅಂಗಡಿಗೆ ಫೋನ್ ಮಾಡಿದ. ಆ ಕಡೆಯಲ್ಲಿದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದಳು. ರಿಪೇರಿಗೆ ಜನ ಕಳಿಸುತ್ತೇವೆ, ಆದರೆ ಏಪ್ರಿಲ್ 16ರ ತನಕ ಯಾರೂ ಬಿಡುವಿಲ್ಲ ಎಂದಳು. ಇವನು ಸರಿ ಎಂದ.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆಫೀಸಿನಲ್ಲಿ ಮೀಟಿಂಗ್ ಮುಗಿದ ಕೂಡಲೇ ಏನು ತೀರ್ಮಾನವಾಯಿತು ಎಂದು ಎಲ್ಲರಿಗೂ ಬರೆದು ಕಳಿಸುವುದು ಅವನ ಕೆಲಸ. ಅದೇ ಅಭ್ಯಾಸದಲ್ಲಿ ಆ ಸಂಜೆಯೇ ಅಂಗಡಿಗೆ ಒಂದು ಇಮೇಲ್ ಹಾಕಿದ. ವಿಷಯದ ಸಾಲಿನಲ್ಲಿ ಆರ್ಡರ್ ನಂಬರ್. ಕೆಳಗೆ ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ‘ಇಂದು ಸಂಜೆ 4.10ಕ್ಕೆ ನಿಮ್ಮೊಂದಿಗೆ ಫೋನಿನಲ್ಲಿ ಮಾತಾಡಿದೆ. ಮಾರ್ಚ್ 8ಕ್ಕೆ ಬಂದ ಸೋಫಾದ ನಡುವಿನ ಸೀಟು ಕುಸಿದಿದೆ ಎಂದು ತಿಳಿಸಿದೆ. ಏಪ್ರಿಲ್ 16ಕ್ಕೆ ರಿಪೇರಿ ಮಾಡಿಸುತ್ತೇವೆ ಎಂದಿರಿ, ನಾನು ಒಪ್ಪಿದೆ. ಇದರಲ್ಲಿ ತಪ್ಪಿದ್ದರೆ ತಿಳಿಸಿ.’ ಜೊತೆಗೆ ಎರಡು ಫೋಟೋ.

ಫೋಟೋ ಬಗ್ಗೆ ಒಂದು ಮಾತು. ಕುಸಿದ ಸೀಟನ್ನು ಸುಮ್ನೆ ಫೋಟೋ ಹೊಡೆದರೆ ಏನೂ ಕಾಣುವುದಿಲ್ಲ. ಬಟ್ಟೆಯ ಸುಕ್ಕಿನ ಹಾಗೆ ಕಾಣುತ್ತದೆ. ಇವನು ಕರ್ಟನ್ ಕಟ್ಟುವ ಸರಳನ್ನು ಮೂರು ಸೀಟುಗಳ ಮೇಲೂ ಅಡ್ಡ ಇಟ್ಟ. ಸರಳಿಗೂ ಸೀಟಿಗೂ ನಡುವಿನ ಸಂದನ್ನು ಟೇಪಿನಲ್ಲಿ ಅಳೆದ. ಆಚೀಚೆ 10 ಮಿಲಿಮೀಟರ್, ನಡುವೆ 35. ಟೇಪಿನ ಅಂಕಿ ಕಾಣುವಂತೆ ಫೋಟೋ ತೆಗೆದ.

ಏಪ್ರಿಲ್ 16ಕ್ಕೆ ರಿಪೇರಿಯವನು ಬಂದು ಅಡಿಯ ಪಟ್ಟಿಗಳನ್ನು ಬಿಗಿ ಮಾಡಿ ಹೋದ. ಅಂದು ಅಳೆದಾಗ ನಡುವೆ 12. ಎಂಟು ದಿನ ಬಿಟ್ಟು ಅಳೆದರೆ 31.

ಅವತ್ತು ರಾತ್ರಿ ಇವನಿಗೆ ತಲೆ ಕೆಟ್ಟಿತು. ಒಂದು ಉದ್ದನೆಯ ಇಮೇಲ್ ಬರೆದ. ಅರ್ಧದಷ್ಟು ದೊಡ್ಡಕ್ಷರಗಳಲ್ಲಿ. ನಾಚಿಕೆಯಾಗಬೇಕು ನಿಮಗೆ, ನಿಮ್ಮ ಮಾನ ಊರೆಲ್ಲ ಹರಾಜು ಹಾಕುತ್ತೇನೆ, ಹೀಗೆ. ಕಳಿಸುವ ಮೊದಲು ಊರಿಗೆ ಫೋನ್ ಮಾಡಿ ಅಪ್ಪನಿಗೆ ಓದಿ ಹೇಳಿದ. ಅಪ್ಪ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂವತ್ತು ವರ್ಷ ಬೇರೆಯವರ ಅರ್ಜಿ ಓದಿದವರು.

‘ಬೈದು ಬರೆದರೆ ಓದೋನು ಬೈಗುಳಕ್ಕೇ ಉತ್ತರ ಕೊಡ್ತಾನೆ ಕಣೋ. ನಿನಗೆ ಬೇಕಾದ್ದು ದುಡ್ಡು ತಾನೇ? ಯಾವತ್ತು ತಗೊಂಡೆ, ಯಾವತ್ತು ಕೆಡ್ತು, ಯಾವತ್ತು ಹೇಳಿದೆ, ಅವರು ಏನ್ ಮಾಡಿದ್ರು. ಇಷ್ಟು ಬರಿ. ಕೊನೇಲಿ ಏನು ಬೇಕು ಅಂತ ಒಂದೇ ಒಂದು ಕೇಳು. ಎರಡು ಕೇಳಿದ್ರೆ ಕಮ್ಮಿದು ಕೊಟ್ಟು ಕಳಿಸ್ತಾರೆ. ಅಂದಹಾಗೆ ಅಲ್ಲಿ ಕಾಯ್ದೆ ಏನಿದೆ, ಅದನ್ನ ಮೊದಲು ನೋಡು.’

ಇವನು ನೋಡಿದ. ಈ ದೇಶದಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ. ಅದರಂತೆ ಕೆಟ್ಟ ಮಾಲು ಬಂದರೆ 30 ದಿನದೊಳಗೆ ನೇರವಾಗಿ ವಾಪಸ್ ಮಾಡಿ ಪೂರ್ತಿ ಹಣ ಕೇಳಬಹುದು. ಮಾರ್ಚ್ 27 ಎಂದರೆ ಬರೀ 19ನೇ ದಿನ. ಅವತ್ತೇ ರಿಪೇರಿ ಬೇಡ ಎನ್ನಬಹುದಿತ್ತು. ಗೊತ್ತಿರಲಿಲ್ಲ, ಒಪ್ಪಿಬಿಟ್ಟಿದ್ದ. ಆದರೆ ಒಪ್ಪಿದ್ದರಿಂದ ಹಕ್ಕೇನೂ ಹೋಗುವುದಿಲ್ಲ. ರಿಪೇರಿಗೆ ಒಪ್ಪಿದ ದಿನದಿಂದ ಅದು ಮುಗಿಯುವ ತನಕ ಆ 30 ದಿನದ ಎಣಿಕೆ ನಿಲ್ಲುತ್ತದೆ. ಇನ್ನೊಂದು, ಅಂಗಡಿಗೆ ಇರುವುದು ಒಂದು ರಿಪೇರಿಯ ಅವಕಾಶ. ಅದಾದ ಮೇಲೂ ಮಾಲು ಸರಿಯಿಲ್ಲದಿದ್ದರೆ ವಾಪಸ್ ಮಾಡುವ ಕೊನೆಯ ಹಕ್ಕು ಕೊಂಡವನಿಗೆ ಬರುತ್ತದೆ. ಇವನಿಗೆ ಬೇಕಾಗಿದ್ದು ಇದು.

ಏಪ್ರಿಲ್ 24ರ ಇಮೇಲ್ ಮೊದಲಿನದಕ್ಕೇ ಉತ್ತರವಾಗಿ, ಅದೇ ಸರಣಿಯಲ್ಲಿ ಹೋಯಿತು. ದಿನಾಂಕ, ಅಳತೆ, ಫೋಟೋ. ಅವನ ಕಸುಬಿನಲ್ಲಿ ದೋಷದ ವರದಿ ಬರೆಯುವುದೇ ಹಾಗಂತೆ. ಹೇಗಿರಬೇಕಿತ್ತು, ಹೇಗಿದೆ, ಹೇಗೆ ನೋಡಿದೆ. ಕೊನೆಯ ಸಾಲು ಮಾತ್ರ ಅಪ್ಪನದು: ‘ರಿಪೇರಿ ಫಲ ಕೊಟ್ಟಿಲ್ಲ. ಆದ್ದರಿಂದ ಸೋಫಾವನ್ನು ತಿರಸ್ಕರಿಸುತ್ತಿದ್ದೇನೆ. 940 ಪೌಂಡ್ ವಾಪಸ್ ಕೊಡಿ.’ ತಿರಸ್ಕರಿಸುತ್ತಿದ್ದೇನೆ ಎಂಬ ಮಾತು ಇಲ್ಲಿ ಮುಖ್ಯ. ನನಗೆ ಬೇಸರವಾಗಿದೆ, ಏನಾದರೂ ಮಾಡಿ ಎಂದು ಬರೆದರೆ ಅವರು ಇನ್ನೊಮ್ಮೆ ರಿಪೇರಿಯವನನ್ನೇ ಕಳಿಸುತ್ತಾರೆ. ಅಂದಿನಿಂದ ಸೋಫಾದ ಮೇಲೆ ಬೆಡ್‌ಶೀಟ್ ಹೊದಿಸಿದ. ಕೂರಲಿಲ್ಲ. ವಾಪಸ್ ಎಂದು ಬರೆದು ಅದರ ಮೇಲೇ ಕೂತು ಕ್ರಿಕೆಟ್ ನೋಡುವುದು ಸರಿಯಲ್ಲ, ಅಲ್ವಾ?

ಏಪ್ರಿಲ್ 29ಕ್ಕೆ ಉತ್ತರ ಬಂತು. ಬರೆದವರು ಬೇರೆ ಯಾರೋ. ನಿಮ್ಮ ದೂರು ನಮಗೆ ಬಂದದ್ದೇ ಏಪ್ರಿಲ್ 24ಕ್ಕೆ, 30 ದಿನ ಮುಗಿದಿದೆ. ಬಳಸಿದರೆ ಸೀಟು ಸ್ವಲ್ಪ ಇಳಿಯುವುದು ಸಹಜ. ತಯಾರಕರನ್ನು ಕೇಳಿ ನೋಡಿ, ಅಥವಾ ಮತ್ತೊಮ್ಮೆ ರಿಪೇರಿ ಮಾಡಿಸುತ್ತೇವೆ.

ಇವನ ಉತ್ತರ ಆರು ಸಾಲು. ಮೊದಲ ದೂರು ಮಾರ್ಚ್ 27ರದ್ದು, ಇದೇ ಸರಣಿಯ ಕೆಳಗೆ ಇದೆ. ನಾನು ದುಡ್ಡು ಕೊಟ್ಟದ್ದು ನಿಮಗೆ, ತಯಾರಕರಿಗಲ್ಲ. ಒಂದು ರಿಪೇರಿ ಆಗಿದೆ. ಮೊದಲ 6 ತಿಂಗಳಲ್ಲಿ ಕಂಡ ದೋಷ ಬರುವಾಗಲೇ ಇತ್ತು ಎಂದು ಕಾಯ್ದೆ ಎಣಿಸುತ್ತದೆ, ಅಲ್ಲವೆಂದರೆ ನೀವು ತೋರಿಸಬೇಕು. ಅಷ್ಟೇ. ಕೋಪವಿಲ್ಲ, ವ್ಯಂಗ್ಯವಿಲ್ಲ. ನಾನಾಗಿದ್ದರೆ ‘ಸಹಜ’ ಎಂಬ ಪದಕ್ಕೆ ಅರ್ಧ ಪುಟ ಬರೆಯುತ್ತಿದ್ದೆ.

ಮೇ 6ಕ್ಕೆ ಮೂರನೆಯವರಿಂದ ಇನ್ನೊಂದು ಪತ್ರ. ಬಳಸಿದ್ದಕ್ಕೆ ನೂರಕ್ಕೆ 15 ಕಳೆದು 799 ಪೌಂಡ್ ಕೊಡುತ್ತೇವೆ ಎಂದಿತ್ತು. ಇಲ್ಲಿ ಬಹಳ ಜನ ಒಪ್ಪಿಬಿಡುತ್ತಾರೆ. ಇವನೂ ಒಪ್ಪಲು ಹೊರಟಿದ್ದನಂತೆ. ಆದರೆ ಆ ಕಾಯ್ದೆಯಲ್ಲೇ ಇದಕ್ಕೂ ಉತ್ತರವಿದೆ. ಕೊನೆಯ ಹಕ್ಕನ್ನು ಮೊದಲ 6 ತಿಂಗಳಲ್ಲಿ ಬಳಸಿದರೆ ಬಳಕೆಯ ಲೆಕ್ಕದಲ್ಲಿ ಹಣ ಕಳೆಯುವಂತಿಲ್ಲ. ಕಾರಿನಂಥ ವಾಹನಗಳಿಗೆ ಮಾತ್ರ ಬೇರೆ ನಿಯಮ. ಸೋಫಾ ವಾಹನವಲ್ಲ ಎಂದು ಬರೆಯುವ ಆಸೆ ತಡೆದುಕೊಂಡೆ ಸರ್ ಎಂದ. ಕಾಯ್ದೆಯ ಮಾತು ಹೇಳಿ, 940 ಎಂದಷ್ಟೇ ಬರೆದ.

ಆಮೇಲೆ ಮೌನ. ಒಂದು ವಾರ ಸುದ್ದಿಯೇ ಇಲ್ಲ.

ಆಗ ಆ 200 ಪೌಂಡ್ ಎದ್ದು ಬಂತು. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಂ ಎಂದಿದೆ. ಕೊಂಡ ವಸ್ತುವಿನ ಬೆಲೆ 100 ಪೌಂಡಿಗಿಂತ ಜಾಸ್ತಿ ಇದ್ದು 30,000 ಮೀರದಿದ್ದರೆ, ಅಂಗಡಿಯ ಜೊತೆ ಕ್ರೆಡಿಟ್ ಕಾರ್ಡ್ ಕಂಪನಿಯೂ ಹೊಣೆ. ಒಂದು ಭಾಗವನ್ನು ಮಾತ್ರ ಆ ಕಾರ್ಡಿನಲ್ಲಿ ಕೊಟ್ಟಿದ್ದರೂ ಹೊಣೆ ಪೂರ್ತಿ ಮೊತ್ತಕ್ಕೆ. ಅಂದರೆ 200ಕ್ಕಲ್ಲ, ಇಡೀ 940ಕ್ಕೆ. ಡೆಬಿಟ್ ಕಾರ್ಡಿಗೆ ಈ ಕಲಂ ಬರುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲೇ ಕೊಟ್ಟರೂ ನಡುವೆ ಬೇರೊಂದು ಪಾವತಿ ಕಂಪನಿ ಇದ್ದರೆ ತಕರಾರು ಬರಬಹುದು.

ಮೇ 13ಕ್ಕೆ ಹೀಗೆ ಬರೆದ: ‘ಮೇ 20ರ ಸಂಜೆ 5ರೊಳಗೆ ಪೂರ್ತಿ ಹಣಕ್ಕೆ ನಿಮ್ಮ ಒಪ್ಪಿಗೆ ಬರದಿದ್ದರೆ, ಈ ಸರಣಿಯನ್ನು ಹಾಗೆಯೇ ನನ್ನ ಕಾರ್ಡ್ ಕಂಪನಿಗೆ ಕೊಟ್ಟು 75ನೇ ಕಲಮಿನಲ್ಲಿ ಕೇಳುತ್ತೇನೆ.’ ಕೋರ್ಟು, ಪತ್ರಿಕೆ ಎಂದೆಲ್ಲ ಹೆದರಿಸಲಿಲ್ಲ. ಮಾಡಲು ಸಿದ್ಧನಿದ್ದದ್ದನ್ನು ಮಾತ್ರ ಬರೆದ.

ಮೇ 19ಕ್ಕೆ ಮ್ಯಾನೇಜರ್ ಉತ್ತರಿಸಿದರು. ಸರಣಿಯನ್ನು ಮೊದಲಿಂದ ಓದಿದೆ, ಪೂರ್ತಿ ಹಣ ಕೊಡುತ್ತೇವೆ ಎಂದಿದ್ದರು. ನಾಲ್ಕನೆಯ ವ್ಯಕ್ತಿ ಅವರು. ಹಿಂದೆ ಉತ್ತರ ಬರೆದ ಇಬ್ಬರೂ ಕೊನೆಯ ಪತ್ರವನ್ನು ಮಾತ್ರ ಓದಿದ್ದರು ಎಂದು ನನ್ನ ಗುಮಾನಿ.

ಒಪ್ಪಿದ ಮೇಲೆ 14 ದಿನದೊಳಗೆ ಹಣ ಬರಬೇಕು, ಕೊಟ್ಟ ದಾರಿಯಲ್ಲೇ ಬರಬೇಕು. 27ಕ್ಕೆ ಸೋಫಾ ಹೊತ್ತುಕೊಂಡು ಹೋದರು. 29ಕ್ಕೆ ಕ್ರೆಡಿಟ್ ಕಾರ್ಡಿಗೆ 200 ಬಂತು, ಡೆಬಿಟ್ ಕಾರ್ಡಿಗೆ 665. ಸಾಗಣೆ ಖರ್ಚೆಂದು 75 ಹಿಡಿದುಕೊಂಡಿದ್ದರು! ಗಾಡಿ ಖರ್ಚು ಅಂಗಡಿಯದೇ. ಇವನು ಅದೇ ಸರಣಿಯಲ್ಲಿ ಒಂದು ಸಾಲು ಹಾಕಿದ: ‘940ರಲ್ಲಿ 865 ಬಂದಿದೆ, 75 ಬಾಕಿ.’ ಜೂನ್ 2ಕ್ಕೆ ಅದೂ ಬಂತು. ಮ್ಯಾನೇಜರಿಗೆ ಧನ್ಯವಾದ ಬರೆದ. ಅದು ಅವನ ಏಳನೇ ಇಮೇಲ್.

ಈ ಕಥೆ ಕೇಳಿದ ನಮ್ಮ ಖಜಾಂಚಿಗಳ ಕಣ್ಣು ಅರಳಿತು. ಅವರೂ ಶೋರೂಮಿನಲ್ಲಿ ಸೋಫಾ ಕೊಂಡಿದ್ದಾರೆ, ಬಣ್ಣ ಮನೆಯವರಿಗೆ ಹಿಡಿಸಿಲ್ಲ. ಅಣ್ಣಾ, ಅದಕ್ಕೆ ಇದು ನಡೆಯಲ್ಲ ಎಂದು ಹುಡುಗ ನಕ್ಕ. ಆನ್‌ಲೈನಿನಲ್ಲಿ ಕೊಂಡಿದ್ದರೆ ಮನಸ್ಸು ಬದಲಾಯಿಸಲು 14 ದಿನ ಇರುತ್ತದೆ. ಅಳತೆ ಕೊಟ್ಟು ನಿಮಗೆಂದೇ ಮಾಡಿಸಿದ್ದರೆ ಅದೂ ಇಲ್ಲ. ಅಂಗಡಿಗೆ ಹೋಗಿ, ಕೂತು ನೋಡಿ, ಒಪ್ಪಿ ತಂದ ಬಣ್ಣಕ್ಕೆ ಕಾಯ್ದೆ ಏನೂ ಮಾಡುವುದಿಲ್ಲ. ಅಂಗಡಿಯವರು ದೊಡ್ಡ ಮನಸ್ಸು ಮಾಡಿದರೆ ಉಂಟು.

ಅವನ ಅಪ್ಪ ಅಮ್ಮ ಜೂನ್ ನಡುವೆ ಬಂದರು. ಹೊಸ ಸೋಫಾ ಇನ್ನೂ ಬಂದಿರಲಿಲ್ಲ, ಎಲ್ಲರೂ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದರಂತೆ. ಅಪ್ಪ ಕನ್ನಡಕ ಹಾಕಿಕೊಂಡು ಆ ಸರಣಿಯನ್ನು ಮೊದಲಿಂದ ಓದಿದರು. ಆಮೇಲೆ ಕೇಳಿದರು: ‘ಇದರದ್ದೊಂದು ಪ್ರಿಂಟ್ ತೆಗೆದು ಫೈಲ್ ಮಾಡಿದ್ದೀಯೇನೋ?’