ಪಾಪುವಿನ ಸ್ಲೀಪ್ ಟ್ರ್ಯಾಕರ್ ಬಗ್ಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. "ಮೂರು ತಿಂಗಳ ಪಾಪು ರಾತ್ರಿ ಒಂಬತ್ತು ಸಲ ಎದ್ದಿದೆ ಅಂತ ಆ್ಯಪ್ ತೋರಿಸ್ತಿದೆ" ಎಂದು ನಮ್ಮ ಗುಂಪಿನಲ್ಲಿ ಒಬ್ಬರು ಸ್ಕ್ರೀನ್‌ಶಾಟ್ ಹಾಕಿದ್ದರು. ಅದಕ್ಕೇ ಇದು.

ಕಾಲಿಗೆ ಹಾಕುವ ಟ್ರ್ಯಾಕರ್ ನಿದ್ದೆಯನ್ನು ನೇರವಾಗಿ ಅಳೆಯುವುದಿಲ್ಲ. ಚರ್ಮಕ್ಕೆ ಬೆಳಕು ಬಿಟ್ಟು ನಾಡಿಬಡಿತ, ಆಕ್ಸಿಜನ್ ನೋಡುತ್ತದೆ, ಜೊತೆಗೆ ಅಲುಗಾಟ. ಉಳಿದದ್ದು ಊಹೆ. ಎಳೆ ಮಕ್ಕಳು ನಿದ್ದೆಯಲ್ಲೇ ಕೈಕಾಲು ಆಡಿಸುತ್ತವೆ, ಮುಲುಕುತ್ತವೆ, ಮುಖ ಕಿವುಚುತ್ತವೆ. ಆ್ಯಪ್ ಇದನ್ನೇ ಎಚ್ಚರ ಅಂದುಕೊಳ್ಳಬಹುದು. ನಂಬಿ ಎತ್ತಿಕೊಂಡರೆ ಮಲಗಿದ್ದ ಕೂಸನ್ನು ನಾವೇ ಎಬ್ಬಿಸಿದ ಹಾಗೆ, ಅಲ್ವಾ? ಕಣ್ಣು ಮುಚ್ಚಿದ್ದು, ಅಳದಿದ್ದರೆ ಒಂದೆರಡು ನಿಮಿಷ ಸುಮ್ನೆ ನೋಡಿ.

ಕಾಲು ಒದ್ದರೂ, ಪಟ್ಟಿ ಸಡಿಲವಾದರೂ ಆಕ್ಸಿಜನ್ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ಅಪಾಯ, ಎಲ್ಲ ಸರಿ ಇದೆ ಎನ್ನುವ ಹಸಿರು ದೀಪ ನೋಡಿ ಧೈರ್ಯವಾಗಿರುವುದು. ಹಠಾತ್ ಶಿಶು ಮರಣದ ಅಪಾಯ ತಗ್ಗಿಸಲು ಇಂಥ ಮಾನಿಟರ್ ನಂಬಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲೂ ಹೇಳಿದೆ. ಸಾಧನ ಇರಲಿ, ಇಲ್ಲದಿರಲಿ, ವರ್ಷ ತುಂಬುವವರೆಗೆ ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ.

ಪಾಪು ನಿದ್ದೆಯ ಸಲಹೆ ಕೊಡುವ ರೀಲ್ಸ್ ನೋಡುವಾಗ ಮಾತಿಗಿಂತ ಮೊದಲು ಅದರಲ್ಲಿನ ಹಾಸಿಗೆ ನೋಡಿ. ಸಾಸಿವೆ ದಿಂಬು, ಗೊಂಬೆ, ದಪ್ಪ ರಜಾಯಿ ಕಂಡರೆ ಆ ಸಲಹೆಯನ್ನು ಇಲ್ಲಿಗೆ ಕಳಿಸಬೇಡಿ. ಕೆಳಗೆ ಕೊಳ್ಳುವ ಲಿಂಕ್ ಇದ್ದರಂತೂ ಕೇಳುವುದೇ ಬೇಡ!

ತುಟಿ ನೀಲಿಯಾಗಿದ್ದರೆ, ಉಸಿರಾಟಕ್ಕೆ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಆ್ಯಪ್ ಸರಿ ಇದೆ ಅಂದರೂ ಕಾಯಬೇಡಿ. ಗುಂಪಿನಲ್ಲೂ ಕೇಳಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ ಅಥವಾ 108ಕ್ಕೆ ಕರೆ ಮಾಡಿ.